ದೊಡ್ಡ ತಾರಸಿಗೇ ಕೊನೆಯ ಸ್ಥಾನ!

ಬೆಂಗಳೂರು: ಮೂರು ಮನೆಗಳ ತಾರಸಿಯ ಚಿತ್ರಗಳು ಎದುರಿಗಿವೆ. ಮೂರು ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕಗಳಿಗೆ ಯಾವುದು ಹೆಚ್ಚು ಸೂಕ್ತ? ಕಿಲೋವ್ಯಾಟ್ ಒಂದಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕೆಂಬ ಲೆಕ್ಕದಲ್ಲಿ 300 ಚದರ ಅಡಿ ಸಾಕು.

ಮೊದಲ ಚಿತ್ರದ್ದು 30 ಅಡಿ ಉದ್ದ, 30 ಅಡಿ ಅಗಲದ ಖಾಲಿ ತಾರಸಿ. ಎಲ್ಲೆಡೆ ಬಿಸಿಲು. ಆದರೆ ಚಿತ್ರ ತೆಗೆದದ್ದು ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ನಡುನೆತ್ತಿಗೆ ಬರುವುದರಿಂದ ಕಂಬದ ನೆರಳೂ ಅದರ ಬುಡದಲ್ಲೇ ಅಡಗುತ್ತದೆ. ಹೀಗಾಗಿ ಈ ಚಿತ್ರದ ಬಿಸಿಲನ್ನು ನಂಬುವಂತಿಲ್ಲ. ನೋಡಬೇಕಾದದ್ದು ದಕ್ಷಿಣಕ್ಕೆ ಅಂಟಿಕೊಂಡಿರುವ, ತಾರಸಿಗಿಂತ 20 ಅಡಿ ಎತ್ತರದ ಪಕ್ಕದ ಕಟ್ಟಡವನ್ನು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಅದರ ನೆರಳು ಮಧ್ಯಾಹ್ನವೇ 15 ಅಡಿ ಉತ್ತರಕ್ಕೆ ಚಾಚುತ್ತದೆ; ಬೆಳಿಗ್ಗೆ ಒಂಬತ್ತರ ವೇಳೆಗೆ ಹೆಚ್ಚುಕಡಿಮೆ 20 ಅಡಿ. ಉಳಿಯುವುದು ಉತ್ತರದ ಅಂಚಿನ ಹತ್ತಡಿ ಪಟ್ಟಿ. ಓಡಾಡಲು ದಾರಿ ಬಿಟ್ಟರೆ ಮೂರು ಕಿಲೋವ್ಯಾಟ್ ಹಿಡಿಸದು.

ಎರಡನೆಯದರಲ್ಲಿ ಖಾಲಿ ಜಾಗ 450 ಚದರ ಅಡಿ ಮಾತ್ರ. ಹತ್ತಡಿ ಎತ್ತರದ ಮೆಟ್ಟಿಲುಕೋಣೆ, ಅದರ ಪಕ್ಕ ನೀರಿನ ಟ್ಯಾಂಕು, ಎರಡೂ ಉತ್ತರದ ಅಂಚಿನಲ್ಲಿವೆ. ಚಳಿಗಾಲದಲ್ಲಿ ಇವುಗಳ ನೆರಳು ತಾರಸಿಯ ಹೊರಗೆ ಬೀಳುತ್ತದೆ. ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಸರಿದಾಗಲೂ, ಒಂಬತ್ತರಿಂದ ಮೂರರ ನಡುವೆ, ನೆರಳು ಒಳಕ್ಕೆ ಬರುವುದು ಮೂರ್ನಾಲ್ಕು ಅಡಿಯಷ್ಟೇ. ಹೀಗಾಗಿ ಮೊದಲ ಸ್ಥಾನ ಇದಕ್ಕೇ.

ಮೂರನೆಯದು 600 ಚದರ ಅಡಿ, ಆದರೆ ನೋಡಲು ಸಂತೆ: ಹೂಕುಂಡ, ಬಟ್ಟೆ ಒಣಗಿಸುವ ತಂತಿ, ಡಿಶ್ ಆಂಟೆನಾ, ಪೂರ್ವಕ್ಕೊಂದು ತೆಂಗಿನ ಮರ. ಸರಿಸಬಹುದಾದ ವಸ್ತುಗಳನ್ನು ಲೆಕ್ಕದಿಂದ ಕಳೆಯಬೇಕಿಲ್ಲ. ಅಡ್ಡಿಯಾಗುವುದು ತೆಂಗಿನ ಮರವೊಂದೇ, ಅದೂ ಬೆಳಗಿನ ಹೊತ್ತು. ಆ ನೆರಳನ್ನು ಸಣ್ಣದೆಂದು ಬಿಡುವಂತಿಲ್ಲ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ಗರಿಯ ನೆರಳು ಬಿದ್ದರೂ ನೆರಳಿನ ಅಳತೆಗಿಂತ ಹೆಚ್ಚಿನ ವಿದ್ಯುತ್ ನಷ್ಟವಾಗುತ್ತದೆ. ಫಲಕಗಳನ್ನು ಪಶ್ಚಿಮದ ಅರ್ಧದಲ್ಲಿ ಕೂರಿಸಿದರೆ ಎರಡನೆಯ ಸ್ಥಾನಕ್ಕೆ ಮೋಸವಿಲ್ಲ.

ಚಿತ್ರದಲ್ಲಿ ಎತ್ತರ ಅಳೆಯುವುದು ಹೇಗೆಂಬ ಪ್ರಶ್ನೆ ಸಹಜ. ಮೆಟ್ಟಿಲುಕೋಣೆಯ ಬಾಗಿಲು ಸಾಮಾನ್ಯವಾಗಿ ಏಳಡಿ. ಪಕ್ಕದಲ್ಲೇ ಇರುವ ವಸ್ತುಗಳಿಗೆ ಅದನ್ನೇ ಅಳತೆಗೋಲಾಗಿಸಬಹುದು. ಉತ್ತರ ದಿಕ್ಕು ಯಾವುದೆಂದು ಚಿತ್ರದ ಮೇಲೆ ಬರೆದಿರದಿದ್ದರೆ ಮಾತ್ರ ಶ್ರೇಯಾಂಕಕ್ಕೆ ಕೈಹಾಕದಿರುವುದು ಲೇಸು. ಮತ್ತೊಂದು ಸಂಗತಿ ಯಾವ ಚಿತ್ರದಲ್ಲೂ ಕಾಣದು: ದಕ್ಷಿಣಕ್ಕೆ ಖಾಲಿ ನಿವೇಶನವಿದ್ದರೆ, ಅಲ್ಲಿ ಎಷ್ಟು ಅಂತಸ್ತು ಏಳಲಿದೆ ಎಂಬುದನ್ನು ಅದರ ಮಾಲೀಕರಲ್ಲೇ ವಿಚಾರಿಸಬೇಕು.