ಕಂಬ ಅರ್ಧ, ಮಟ್ಟ ಅರ್ಧವಲ್ಲ

ಸಂಜೆ ಆರೂವರೆ. ಏಳು ಗಂಟೆಯ ಬುಲೆಟಿನ್‌ಗೆ ಇನ್ನು ಅರ್ಧ ಗಂಟೆ ಅನ್ನುವಾಗ ಡೆಸ್ಕಿಗೆ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಬಂತು. ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟದ ಬಾರ್ ಚಾರ್ಟ್. ಇದ್ದದ್ದು ಎರಡೇ ಕಂಬ. ಒಂದು ಕಳೆದ ವರ್ಷದ್ದು, ಇನ್ನೊಂದು ಈ ವರ್ಷ ಅದೇ ದಿನದ್ದು. ಕಂಬದ ಮೇಲೆ ಅಂಕಿ ಇಲ್ಲ, ಕೆಳಗೆ ಪಟ್ಟಿಯೂ ಇಲ್ಲ. ಈ ವರ್ಷದ ಕಂಬ ಮಾತ್ರ ಸರಿಯಾಗಿ ಅರ್ಧ. ಡೆಸ್ಕಿನ ಹುಡುಗ ಆಗಲೇ ಟೈಪ್ ಮಾಡಿಬಿಟ್ಟಿದ್ದ: 'ಕೆಆರ್‌ಎಸ್ ನೀರಿನ ಮಟ್ಟ ಅರ್ಧಕ್ಕೆ ಕುಸಿತ!'

"ತಡಿಯಪ್ಪಾ" ಅಂದೆ. ವಿ.ಸಿ. ನಾಲೆ ನೀರು ನಂಬಿಕೊಂಡು, ಭತ್ತದ ಒಟ್ಲು ಹಾಕಲೋ ಬೇಡವೋ ಅಂತ ಮಂಡ್ಯದ ರೈತ ಟಿವಿ ಮುಂದೆ ಕೂತಿರುತ್ತಾನೆ. ಈ ಸಲ ಬೆಳೆಯೇ ಬೇಡ ಅಂತ ಅವನು ತೀರ್ಮಾನ ಮಾಡಲಿಕ್ಕೆ ಆ ಒಂದು ಸಾಲು ಸಾಕು.

ಹಾಗಾದರೆ ಅಂಕಿ ಕೊಡದ ಚಿತ್ರದಿಂದ ಅಂಕಿ ತೆಗೆಯೋದು ಹೇಗೆ? ಮೊದಲು ಕಂಬ ನೋಡಬೇಡಿ, ಎಡಗಡೆಯ ಅಳತೆ ಗೆರೆ ನೋಡಿ. ಈ ಚಿತ್ರದಲ್ಲಿ ಬುಡದ ಗೆರೆಯ ಪಕ್ಕ ಇದ್ದದ್ದು ಸೊನ್ನೆ ಅಲ್ಲ, 80 ಅಡಿ! ಮೇಲೆ 100, ತುದಿಯಲ್ಲಿ 120. ಅಂದರೆ ಕೆಳಗಿನ 80 ಅಡಿ ಎರಡೂ ಕಂಬದಲ್ಲಿ ಕಾಣುವುದೇ ಇಲ್ಲ. ಕಣ್ಣಿಗೆ ಬೀಳುವುದು 80ರ ಮೇಲಿನ ಭಾಗ ಮಾತ್ರ.

ಈಗ ಅಳೆಯೋಣ. ಚಿತ್ರವನ್ನು ಕಂಪ್ಯೂಟರಿನ ಪೇಂಟ್‌ನಲ್ಲಿ ತೆರೆದೆ. ಮೌಸ್ ಎಲ್ಲಿ ಇಟ್ಟರೂ ಆ ಜಾಗ ಎಷ್ಟನೇ ಪಿಕ್ಸೆಲ್ ಅಂತ ಕೆಳಗಿನ ಮೂಲೆಯಲ್ಲಿ ತೋರಿಸುತ್ತೆ. ಅಲ್ಲಿ ಎಣಿಕೆ ಮೇಲಿನಿಂದ ಕೆಳಕ್ಕೆ, ಅದು ನೆನಪಿರಲಿ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಇಲ್ಲಿ ದುಂಡಗೆ ಮಾಡಿ ಹೇಳ್ತೀನಿ. 120ರ ಗೆರೆ 100ನೇ ಪಿಕ್ಸೆಲ್‌ನಲ್ಲಿತ್ತು, 80ರ ಗೆರೆ 420ರಲ್ಲಿ. ನಡುವೆ 320 ಪಿಕ್ಸೆಲ್, ಅಷ್ಟಕ್ಕೆ 40 ಅಡಿ. ಅಂದರೆ 8 ಪಿಕ್ಸೆಲ್‌ಗೆ ಒಂದು ಅಡಿ.

ಕಳೆದ ವರ್ಷದ ಕಂಬದ ತಲೆ 116ನೇ ಪಿಕ್ಸೆಲ್‌ನಲ್ಲಿತ್ತು. 120ರ ಗೆರೆಗಿಂತ 16 ಪಿಕ್ಸೆಲ್ ಕೆಳಗೆ, ಅಂದರೆ 2 ಅಡಿ ಕಡಿಮೆ: 118 ಅಡಿ. ಈ ವರ್ಷದ ಕಂಬದ ತಲೆ 268ರಲ್ಲಿ. 168 ಪಿಕ್ಸೆಲ್ ಕೆಳಗೆ, ಅಂದರೆ 21 ಅಡಿ ಕಡಿಮೆ: 99 ಅಡಿ. ಇಳಿದಿದ್ದು 19 ಅಡಿ. ಚಿಂತೆಯ ವಿಷಯ ಹೌದು, ಆದರೆ ಮಟ್ಟ ಅರ್ಧ ಆಗಿಲ್ಲ ಅಲ್ವಾ? ಮೊಬೈಲ್ ಇಲ್ಲ, ಕಂಪ್ಯೂಟರ್ ಇಲ್ಲ, ಕೈಯಲ್ಲಿ ಪತ್ರಿಕೆ ಇದೆ ಅಂದರೆ ಮಕ್ಕಳ ಸ್ಕೇಲ್ ಇಟ್ಟು ಮಿಲಿಮೀಟರ್‌ನಲ್ಲೂ ಇದೇ ಲೆಕ್ಕ ಮಾಡಬಹುದು.

ಲೆಕ್ಕ ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. 80 ಮತ್ತು 120ರ ಸರಿ ಮಧ್ಯೆ, 260ನೇ ಪಿಕ್ಸೆಲ್‌ನಲ್ಲಿ, 100ರ ಗೆರೆ ಇರಬೇಕು. ಇತ್ತು. ಇಲ್ಲದಿದ್ದರೆ ಅಳತೆ ಸಮನಾಗಿಲ್ಲ, ಅಥವಾ ಯಾರೋ ಟಿವಿ ಪರದೆಯನ್ನು ಓರೆಯಾಗಿ ಫೋಟೊ ತೆಗೆದಿದ್ದಾರೆ ಅಂತ ಅರ್ಥ. ಆಗ ಈ ಲೆಕ್ಕ ಕೆಲಸಕ್ಕೆ ಬರಲ್ಲ. ಗೆರೆಗಳ ಪಕ್ಕದ ಅಂಕಿ 10, 100, 1000 ಅಂತ ಹತ್ತುಪಟ್ಟು ಏರುತ್ತಾ ಹೋದರೂ ಅಷ್ಟೇ.

ಇನ್ನೊಂದು ಎಚ್ಚರಿಕೆ. ಐದಾರು ಫೋನ್ ಸುತ್ತಿ ಬಂದ ಚಿತ್ರದಲ್ಲಿ ಕಂಬದ ಅಂಚು ಮಸುಕಾಗಿರುತ್ತೆ. ಎರಡು ಪಿಕ್ಸೆಲ್ ಆಚೀಚೆ ಆದರೆ ಇಲ್ಲಿ ಕಾಲು ಅಡಿ ವ್ಯತ್ಯಾಸ. ಹಾಗಾಗಿ 'ಸುಮಾರು 99 ಅಡಿ' ಅನ್ನಬಹುದು, '98.87 ಅಡಿ' ಅಂದರೆ ಅದು ಸುಳ್ಳು ನಿಖರತೆ. ಲೈನ್ ಗ್ರಾಫ್ ಆಗಿದ್ದರೆ ಚುಕ್ಕಿ ಇರುವ ಕಡೆ ಮಾತ್ರ ಓದಿ. ಜೂನ್ 1ಕ್ಕೆ ಒಂದು ಚುಕ್ಕಿ, 15ಕ್ಕೆ ಇನ್ನೊಂದು ಇದ್ದರೆ, ನಡುವಿನ ಗೆರೆ ಬರೀ ಜೋಡಣೆ. 8ನೇ ತಾರೀಕು ಯಾರೂ ಅಳೆದಿಲ್ಲ.

ಹುಡುಗ ಬಿಡಲಿಲ್ಲ. "ಸರ್, 118ರಲ್ಲಿ 99 ಅಂದ್ರೆ ಶೇಕಡಾ 84. ನೀರು 16 ಪರ್ಸೆಂಟ್ ಕಮ್ಮಿ ಅಂತ ಹಾಕಲಾ?" ಅದೂ ತಪ್ಪೇ. ಜಲಾಶಯ ಡ್ರಮ್ಮಿನ ಥರ ಇರಲ್ಲ. ಮೇಲೆ ಹೋದಂತೆ ಅಗಲವಾಗುತ್ತೆ, ಮೇಲಿನ ಒಂದೊಂದು ಅಡಿಯಲ್ಲೂ ಕೆಳಗಿನದಕ್ಕಿಂತ ಹೆಚ್ಚು ನೀರಿರುತ್ತೆ. ಹಾಗಾಗಿ ನೀರು 16 ಪರ್ಸೆಂಟ್‌ಗಿಂತ ಬಹಳ ಹೆಚ್ಚೇ ಇಳಿದಿರುತ್ತೆ. ಎಷ್ಟು ಅಂತ ತಿಳಿಯಲು ಟಿಎಂಸಿ ಲೆಕ್ಕವೇ ಬೇಕು. ಈ ಚಿತ್ರದಲ್ಲಿ ಅದು ಇಲ್ಲ.

ಏಳು ಗಂಟೆಗೆ ಪರದೆ ಮೇಲೆ ಹೋದ ಸಾಲು ಇಷ್ಟು: 'ಕೆಆರ್‌ಎಸ್ ಮಟ್ಟ ಸುಮಾರು 99 ಅಡಿ, ಕಳೆದ ವರ್ಷಕ್ಕಿಂತ 19 ಅಡಿ ಕಡಿಮೆ. ಗರಿಷ್ಠ ಮಟ್ಟ 124.80 ಅಡಿ.' ಚಾರ್ಟನ್ನು ಸೊನ್ನೆಯಿಂದ ಮತ್ತೆ ಬರೆಸಿದೆವು. ಈ ವರ್ಷದ ಕಂಬ ಗಿಡ್ಡವಾಗಿಯೇ ಇತ್ತು, ಆದರೆ ಎಷ್ಟು ಗಿಡ್ಡ ಇರಬೇಕೋ ಅಷ್ಟೇ.