ಸಂಜೆಯ ದುಪ್ಪಟ್ಟು ಕೂಲಿ ಯಾವ ಜಾಬಿನ ಲೆಕ್ಕಕ್ಕೆ?

ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್ ಎಂದುಕೊಳ್ಳಿ. ಲೇತ್ ಆಪರೇಟರ್‌ಗೆ ಗಂಟೆಗೆ 100 ರೂಪಾಯಿ. ಬೆಳಿಗ್ಗೆ ನಾಲ್ಕು ಗಂಟೆ ಪಂಪಿನ ಶಾಫ್ಟ್ ಕಡೆದ. ಟೂಲ್ ಬರಲಿಲ್ಲವೆಂದು ಒಂದು ಗಂಟೆ ಸುಮ್ಮನೆ ನಿಂತ. ಆಮೇಲೆ ಫ್ಲ್ಯಾಂಜ್ ಕೆಲಸ ಹಿಡಿದು ಐದು ಗಂಟೆ ಮಾಡಿದ. ಅದರಲ್ಲಿ ಕೊನೆಯ ಎರಡು ಗಂಟೆ ಓವರ್‌ಟೈಮ್. ಕಾರ್ಖಾನೆ ಕಾನೂನಿನಂತೆ ಅದಕ್ಕೆ ದುಪ್ಪಟ್ಟು ದರ. ದಿನದ ಕೂಲಿ ಒಟ್ಟು 1,200 ರೂಪಾಯಿ.

ಶಾಫ್ಟ್‌ಗೆ 400, ಫ್ಲ್ಯಾಂಜ್‌ಗೆ 500. ಇಷ್ಟರಲ್ಲಿ ತಕರಾರಿಲ್ಲ. ಓವರ್‌ಟೈಮಿನ ಮಾಮೂಲಿ 100 ರೂಪಾಯಿ ದರ ಕೂಡ ಫ್ಲ್ಯಾಂಜ್‌ನದೇ. ತಕರಾರಿರುವುದು ಅದರ ಮೇಲೆ ಕೊಟ್ಟ ಹೆಚ್ಚುವರಿ 200 ರೂಪಾಯಿಯದು. ಅದನ್ನೂ ಫ್ಲ್ಯಾಂಜ್‌ಗೆ ಹಾಕಿದರೆ ಗಂಟೆಯ ವೆಚ್ಚ 140 ಆಗುತ್ತದೆ. ಆದರೆ ಫ್ಲ್ಯಾಂಜ್ ಮಾಡಿದ ತಪ್ಪೇನು? ಅದರ ಸರದಿ ಸಂಜೆ ಬಂತು, ಅಷ್ಟೆ. ಶಾಫ್ಟ್ ಸಂಜೆಗೆ ಬಂದಿದ್ದರೆ ಹೊರೆ ಅದರ ತಲೆಗೆ ಬೀಳುತ್ತಿತ್ತು. ಒಟ್ಟು ಕೆಲಸ ಜಾಸ್ತಿಯಾಗಿ ಶಾಪ್ ತಡವಾಗಿ ನಡೆದರೆ ಆ 200 ರೂಪಾಯಿ ಎಲ್ಲ ಜಾಬ್‌ಗಳೂ ಹಂಚಿಕೊಳ್ಳುವ ಓವರ್‌ಹೆಡ್‌ಗೆ ಹೋಗಬೇಕು.

ಗಿರಾಕಿಯೇ ‘ನಾಳೆ ಬೆಳಿಗ್ಗೆಗೆ ಬೇಕೇ ಬೇಕು’ ಎಂದು ಕೂತಿದ್ದರೆ ಮಾತು ಬೇರೆ. ಆಗ ಆ ಹಣ ಆ ಜಾಬಿನದೇ, ಕೊಟೇಶನ್ನಿನಲ್ಲೂ ಸೇರಿಸಿ ವಸೂಲು ಮಾಡಬೇಕು. ಈ ಆರ್ಡರ್ ಇಲ್ಲದಿದ್ದರೆ ಓವರ್‌ಟೈಮ್ ತಪ್ಪುತ್ತಿತ್ತೇ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ನಿಂತ ಒಂದು ಗಂಟೆಯ 100 ರೂಪಾಯಿಯೂ ಓವರ್‌ಹೆಡ್‌ಗೇ. ಟೂಲಿಗೆ ಕಾಯುವುದು, ಸೆಟ್ಟಿಂಗ್ ಬದಲಿಸುವುದು ಯಾವ ಶಾಪಿಗೂ ತಪ್ಪಿದ್ದಲ್ಲ. ಮುಷ್ಕರದಿಂದಲೋ ನೆರೆಯಿಂದಲೋ ವಾರಗಟ್ಟಲೆ ಕೆಲಸ ನಿಂತರೆ ಮಾತ್ರ ಆ ಕೂಲಿಯನ್ನು ಜಾಬ್‌ಗೂ ಓವರ್‌ಹೆಡ್‌ಗೂ ಹಾಕದೆ ನೇರವಾಗಿ ಲಾಭ-ನಷ್ಟ ಖಾತೆಗೆ ಬರೆಯಬೇಕು. ಅಂಥ ನಷ್ಟವನ್ನು ಫ್ಲ್ಯಾಂಜಿನ ಬೆಲೆಯಲ್ಲಿ ಅಡಗಿಸಿದರೆ ಮುಂದಿನ ಆರ್ಡರ್ ಕೈತಪ್ಪುತ್ತದೆ.

ಆಗಸ್ಟ್ 15, ಅಕ್ಟೋಬರ್ 2ರಂಥ ರಜೆಗಳಿಗೂ ಸಂಬಳ ಕೊಡಬೇಕು. ಅದನ್ನು ಆಯಾ ತಿಂಗಳ ಜಾಬ್‌ಗಳಿಗೇ ಹಾಕಿದರೆ, ಅದೇ ಶಾಫ್ಟ್ ಜುಲೈಗಿಂತ ಆಗಸ್ಟ್‌ನಲ್ಲಿ ದುಬಾರಿಯಾಗಿ ಕಾಣುತ್ತದೆ. ವರ್ಷಕ್ಕೆ ಹತ್ತು ರಜೆ ಎಂದಿಟ್ಟುಕೊಂಡರೆ ಈ ಆಪರೇಟರ್‌ಗೆ ಕೊಡುವುದು 8,000 ರೂಪಾಯಿ. ವರ್ಷದ 2,400 ಕೆಲಸದ ಗಂಟೆಗಳ ಮೇಲೆ ಹಂಚಿದರೆ ಗಂಟೆಗೆ ಸುಮಾರು 3 ರೂಪಾಯಿ 33 ಪೈಸೆ. ಅಷ್ಟನ್ನು ಗಂಟೆಯ ದರಕ್ಕೇ ಸೇರಿಸಬಹುದು, ಇಲ್ಲವೇ ಓವರ್‌ಹೆಡ್‌ನಲ್ಲಿ ಇಡಬಹುದು. ಎರಡೂ ಕಡೆ ಹಾಕಿದರೆ ಮಾತ್ರ ಒಂದೇ ಖರ್ಚು ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಇದೆಲ್ಲ ನಿಂತಿರುವುದು ಜಾಬ್ ಕಾರ್ಡಿನ ಮೇಲೆ. ತಿಂಗಳ ಕೊನೆಗೆ ಗೇಟಿನ ಹಾಜರಿ ಗಂಟೆಗಳನ್ನೂ ಕಾರ್ಡಿನ ಗಂಟೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಪ್ರತಿ ತಿಂಗಳೂ ಕರಾರುವಾಕ್ಕಾಗಿ ಒಂದೇ ಆಗಿದ್ದರೆ, ಸುಮ್ಮನೆ ನಿಂತ ಹೊತ್ತನ್ನು ಯಾರೋ ಯಾವುದೋ ಜಾಬಿಗೆ ತುಂಬುತ್ತಿದ್ದಾರೆ ಎಂದೇ ಅರ್ಥ. ಮೊದಲು ಅದನ್ನು ಸರಿಪಡಿಸಿ, ಆಮೇಲೆ ಕೊಟೇಶನ್ ಬರೆಯಿರಿ.