ವಯಸ್ಸು ಒಂಬತ್ತು, ತರಗತಿ ಯಾವುದು?

ಕ್ಯಾಲಿಫೋರ್ನಿಯಾದ ಬೇ ಏರಿಯಾದಂಥ ಕಡೆ ವಾರಾಂತ್ಯದ ಕನ್ನಡ ತರಗತಿಗೆ ಮಕ್ಕಳನ್ನು ಸೇರಿಸುವಾಗ ಅರ್ಜಿಯಲ್ಲಿ ವಯಸ್ಸು ಕೇಳುವುದು ವಾಡಿಕೆ. ಆದರೆ ಮಗುವನ್ನು ಎಲ್ಲಿ ಕೂರಿಸಬೇಕೆಂದು ವಯಸ್ಸೊಂದೇ ಹೇಳಲಾರದು.

ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅಜ್ಜಿ ಫೋನಿನಲ್ಲಿ "ಊಟ ಆಯ್ತಾ ಪುಟ್ಟಿ?" ಎಂದರೆ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಕ್ಷರ ಒಂದೂ ಬಾರದು. ಓದಿನಲ್ಲಿ ಅವಳು ಆರು ವರ್ಷದವರ ಜೊತೆಗೇ ಶುರುಮಾಡಬೇಕು. ಮಾತಿಗೆ ಮಾತ್ರ ಅವಳ ವಯಸ್ಸಿಗೆ ತಕ್ಕ ಗುಂಪು ಬೇಕು. ಇವೆರಡನ್ನೂ ಒಂದೇ ತರಗತಿಗೆ ತುರುಕಿದರೆ, ಚಿಕ್ಕವರ ಶಿಶುಗೀತೆಗೆ ಬೇಸತ್ತು ಅವಳು ಬರುವುದನ್ನೇ ಬಿಡುವ ಸಾಧ್ಯತೆ ಹೆಚ್ಚು. ಹಾಗಾಗಿ "ಮನೆಯಲ್ಲಿ ಕನ್ನಡವಿದೆಯೇ?" ಎನ್ನುವುದಕ್ಕಿಂತ "ಮಗು ಯಾರೊಂದಿಗೆ, ಯಾವ ಭಾಷೆಯಲ್ಲಿ ಉತ್ತರಿಸುತ್ತದೆ?" ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ.

ಸೇರ್ಪಡೆಯ ದಿನ ಐದು ನಿಮಿಷದ ಪರೀಕ್ಷೆಯೂ ಸಾಕಷ್ಟು ತಿಳಿಸುತ್ತದೆ. ಹಲ್ಲಿ, ಹಳ್ಳಿ ಎರಡರ ಚಿತ್ರವನ್ನೂ ಮುಂದಿಟ್ಟು ಒಂದನ್ನು ಹೆಸರಿಸಿ ತೋರಿಸಲು ಹೇಳಬೇಕು. ತಪ್ಪು ಚಿತ್ರ ಮುಟ್ಟಿದರೆ, ಪದಗಳು ಗೊತ್ತಿವೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಕಿವಿಯ ಅಭ್ಯಾಸ. ಇಂಗ್ಲಿಷಿನಲ್ಲಿ ಲ-ಳ ಭೇದವಿಲ್ಲ.

ಓದಿಗೆ ವರ್ಣಮಾಲೆಯ ಕ್ರಮವೇ ಆಗಬೇಕೆಂದಿಲ್ಲ. ಕರ್ನಾಟಕದ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಇಷ್ಟರಲ್ಲೇ ಸರ, ಅರಸ, ಅಗಸ ಓದಬಹುದು. ವಾರಕ್ಕೊಮ್ಮೆ ಬರುವ ಮಗುವಿಗೆ ಇದೇ ಒಳ್ಳೆಯ ದಾರಿ: ಮೊದಲ ಭಾನುವಾರವೇ ಪದ ಓದಿ ಮನೆಗೆ ಹೋಗುತ್ತದೆ.